ಗೆಳೆತನವೋ, ಅದಕ್ಕಿಂತ ಹೆಚ್ಚೋ? ಗುಂಪು ಕೆಡದಂತೆ ತಿಳಿಯುವ ಬಗೆ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಒಂದು ರಾತ್ರಿ ಕೆಳಗಿಳಿದು ಬಂದು, ಅಡುಗೆಮನೆ ಕಟ್ಟೆಗೆ ಒರಗಿ ನಿಂತು, ‘ಆಂಟಿ, ಒಬ್ಬನಿಗೆ ನಾನಂದ್ರೆ ಇಷ್ಟ ಅನ್ಸುತ್ತೆ. ಆದ್ರೆ ಅವನು ನಮ್ಮ ಗ್ಯಾಂಗಲ್ಲೇ ಇದಾನೆ’ ಅಂದಳು. ಕಷ್ಟವೆಲ್ಲ ಆ ‘ಆದ್ರೆ’ಯಲ್ಲೇ ಇತ್ತು. ಹೊರಗಿನವನಾದರೆ ಕೇಳಿಬಿಡಬಹುದು, ಇಲ್ಲ ಅನ್ನಿಸಿಕೊಂಡರೆ ನಂಬರ್ ಅಳಿಸಿ ಸುಮ್ಮನಾಗಬಹುದು. ಇವರು ಆರು ಜನ. ಒಂದೇ ಕಾಲೇಜಿನಲ್ಲಿ 4 ವರ್ಷ ಓದಿ, ಬೆಂಗಳೂರಿನಲ್ಲಿ ಬೇರೆ ಬೇರೆ ಕಡೆ ಕೆಲಸಕ್ಕೆ ಸೇರಿದ ಮೇಲೂ ಪ್ರತಿ ಭಾನುವಾರ ಸಂಜೆ ಮಲ್ಲೇಶ್ವರದಲ್ಲಿ ಸೇರಿ ದೋಸೆ ತಿನ್ನುವವರು. ಇಬ್ಬರ ನಡುವೆ ಮುಜುಗರ ಹುಟ್ಟಿದರೆ ಉಳಿದ ನಾಲ್ವರು ಯಾರನ್ನು ಕರೆಯುವುದು, ಯಾರನ್ನು ಬಿಡುವುದು ಎಂದು ಲೆಕ್ಕ ಹಾಕತೊಡಗುತ್ತಾರೆ. ಅಲ್ಲಿಗೆ ದೋಸೆಯ ರುಚಿ ಹೋಯಿತು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ. ಆ ಗುಂಪಿನಲ್ಲಿ ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುವ ರೂಢಿ. ಇವಳು ಹಾಸನ, ಅವನು ಶಿರಸಿ.

ಮೊದಲು ನಿಮ್ಮ ಕಡೆಯ ಉತ್ತರ

ಅವನ ಮನಸ್ಸಿನಲ್ಲಿ ಏನಿದೆ ಎಂದು ಹುಡುಕುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಿ: ಇಷ್ಟವಿರುವುದು ನಿಜ ಎಂದಾದರೆ ನಿಮಗೆ ಖುಷಿಯೋ, ಕಿರಿಕಿರಿಯೋ? ಖುಷಿ ಪಡುವವರ ಕಣ್ಣಿಗೆ ಅವನು ನೀರಿನ ಲೋಟ ಮುಂದೆ ಸರಿಸಿದ್ದೂ ಲಕ್ಷಣವಾಗಿ ಕಾಣುತ್ತದೆ. ಕಿರಿಕಿರಿಯಾಗುವವರಿಗೆ ಅದೇ ಲೋಟ ಕಾಟವಾಗಿ ಕಾಣುತ್ತದೆ. ಹಾಸನ ಮೊದಲು ‘ಗೊತ್ತಿಲ್ಲ’ ಅಂದಳು. ಪಾತ್ರೆ ಒರೆಸಲು ನನ್ನ ಜೊತೆ ಕೈಹಾಕಿ, ಕೊನೆಯ ತಟ್ಟೆಯ ಹೊತ್ತಿಗೆ ‘ಖುಷಿನೇ ಅನ್ಸುತ್ತೆ’ ಅಂದಳು. ‘ಹಾಗಾದ್ರೆ ನಿನ್ನ ಪಟ್ಟಿಯಲ್ಲಿ ಅರ್ಧ ನೀನೇ ಹುಟ್ಟಿಸಿದ್ದು ಅಂತ ಇಟ್ಕೊಂಡು ಶುರು ಮಾಡು’ ಅಂದೆ.

ಗೆಳೆತನವನ್ನು ಕಳೆದು ನೋಡಿ

ಅವಳು ಹೇಳಿದ್ದು ಐದು ಸಂಗತಿ. ಮೆಸೇಜಿಗೆ ತಕ್ಷಣ ಉತ್ತರ ಕೊಡುತ್ತಾನೆ. ಅವಳಿಗೆ ಹುಷಾರಿಲ್ಲದಾಗ ಮಾತ್ರೆ ತಂದುಕೊಟ್ಟ. ಭಾನುವಾರ ರಾತ್ರಿ ಮೆಟ್ರೊದಲ್ಲಿ ಅವಳ ಜೊತೆಗೇ ವಿಜಯನಗರದವರೆಗೆ ಬರುತ್ತಾನೆ. ಏಪ್ರಿಲ್‌ನಲ್ಲಿ ಊರಿಂದ ಅಪ್ಪೆಮಿಡಿ ಉಪ್ಪಿನಕಾಯಿ ತಂದಾಗ ಅವಳ ಬಾಟಲಿ ಮಾತ್ರ ದೊಡ್ಡದಿತ್ತು. ಮತ್ತೆ, ಮೊದಲೆಲ್ಲ ‘ಲೇ’ ಅನ್ನುತ್ತಿದ್ದವನು ಈಗ ಹೆಸರು ಹಿಡಿದು ಕರೆಯುತ್ತಾನೆ.

ಗುಂಪಿನಲ್ಲಿರುವುದರಿಂದ ಕಷ್ಟವಿದೆ ನಿಜ, ಆದರೆ ಒಂದು ಅನುಕೂಲವೂ ಇದೆ. ಅವನು ಉಳಿದವರ ಜೊತೆ ಹೇಗಿರುತ್ತಾನೆ ಎನ್ನುವುದು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಪ್ರತಿಯೊಂದು ಸಂಗತಿಗೂ ‘ಇದನ್ನು ಅವನು ಇನ್ಯಾರಿಗೆ ಮಾಡಿದ್ದಾನೆ?’ ಎಂದು ಕೇಳಿ. ಮಾಡಿದ್ದರೆ ಅದನ್ನು ಹೊಡೆದು ಹಾಕಿ. ಕೋಲಾರದ ಹುಡುಗಿಗೆ ಡೆಂಗಿ ಬಂದಾಗ ಇದೇ ಶಿರಸಿ 3 ದಿನ ಆಸ್ಪತ್ರೆಗೆ ಎಳನೀರು ಹೊತ್ತಿದ್ದ. ಹಾಗಾಗಿ ಮಾತ್ರೆ ಪಟ್ಟಿಯಿಂದ ಹೋಯಿತು. ಮೆಸೇಜಿನ ವೇಗವನ್ನಂತೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲವರ ಕೈಯಲ್ಲಿ ಫೋನು ಅಂಟಿಕೊಂಡೇ ಇರುತ್ತದೆ, ಕೆಲವರು ಪ್ರಾಣ ಬಿಡುವಷ್ಟು ಇಷ್ಟವಿದ್ದರೂ ಸಂಜೆಯವರೆಗೆ ನೋಡುವುದಿಲ್ಲ. ನೀಲಿ ಟಿಕ್ ನೋಡುತ್ತ ಕೂತರೆ ನಿಮ್ಮ ನಿದ್ದೆ ಕೆಡುತ್ತದೆ, ಅಷ್ಟೆ.

ಉಳಿದದ್ದು ಮೂರು. ಅದರಲ್ಲಿ ಮೆಟ್ರೊ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡಿತು. ಅವನ ರೂಮಿರುವುದು ಬನಶಂಕರಿಯಲ್ಲಿ. ಮಲ್ಲೇಶ್ವರದಿಂದ ಹಸಿರು ಮಾರ್ಗದ ರೈಲು ಹತ್ತಿದರೆ ಎಲ್ಲೂ ಇಳಿಯದೆ ಮನೆ ಸೇರಬಹುದು. ಅವನು ಮಾತ್ರ ಮೆಜೆಸ್ಟಿಕ್‌ನಲ್ಲಿ ಅವಳ ಜೊತೆ ಇಳಿದು, ನೇರಳೆ ಮಾರ್ಗಕ್ಕೆ ಬದಲಾಯಿಸಿ ವಿಜಯನಗರಕ್ಕೆ ಬರುತ್ತಿದ್ದ. ತನ್ನ ಸಮಯ ಖರ್ಚಾಗುತ್ತದೆ, ಮತ್ತೆ ಮತ್ತೆ ಮಾಡುತ್ತಾನೆ, ಒಬ್ಬಳಿಗೆ ಮಾತ್ರ ಮಾಡುತ್ತಾನೆ. ಈ ಮೂರೂ ಒಟ್ಟಿಗಿದ್ದರೆ ಅದು ಗಮನಿಸಬೇಕಾದ ಸಂಗತಿಯೇ.

ಆದರೂ ಗಟ್ಟಿ ಎಂದು ಕಂಡದ್ದನ್ನೇ ಮೊದಲು ತಟ್ಟಿ ನೋಡಬೇಕು. ಅದಕ್ಕೆ ಪತ್ತೇದಾರಿಕೆ ಬೇಡ, ಸಲೀಸಾದ ಒಂದು ಮಾತು ಸಾಕು. ಮುಂದಿನ ಭಾನುವಾರ ಅವಳು ‘ನಿಂಗೇನೋ ಕೆಲ್ಸ ವಿಜಯನಗರದಲ್ಲಿ?’ ಅಂತ ಕೇಳಿದಳು. ‘ಅಕ್ಕನ ಮನೆ ಇದ್ಯಲ್ಲ, ಹಂಪಿನಗರದಲ್ಲಿ. ಭಾನುವಾರ ಅಲ್ಲೇ ಊಟ’ ಅಂದ. ಅಕ್ಕ ಜೂನ್‌ನಲ್ಲಿ ಮನೆ ಬದಲಾಯಿಸಿದ್ದರಂತೆ. ಎರಡು ತಿಂಗಳಿನಿಂದ ಇವಳು ನಿದ್ದೆಗೆಟ್ಟದ್ದು ಅವನ ಅಕ್ಕನ ಸಾರಿಗಾಗಿ!

ಕರೆಯುವ ರೀತಿ ಬದಲಾದರೆ

ನಮ್ಮ ಭಾಷೆಯಲ್ಲಿ ಈ ಸೂಚನೆಗೆ ತೂಕವಿದೆ ಎಂದು ನನ್ನ ನಂಬಿಕೆ. ‘ಲೇ’, ‘ಮಗಾ’, ‘ಏನಮ್ಮಾ’ ಎನ್ನುವಾಗ ಗಂಡು ಹೆಣ್ಣೆಂಬ ಭೇದ ಮರೆತಿರುತ್ತದೆ. ಅದೇ ಬಾಯಿ ಒಂದು ದಿನ ಇದ್ದಕ್ಕಿದ್ದಂತೆ ನಿಮ್ಮೊಬ್ಬರಿಗೆ ಮಾತ್ರ ಹುಷಾರಾಗಿ ಮಾತಾಡತೊಡಗಿದರೆ, ಉಳಿದವರನ್ನು ರೇಗಿಸುತ್ತ ನಿಮ್ಮನ್ನು ಮಾತ್ರ ಬಿಟ್ಟುಬಿಟ್ಟರೆ, ಏನೋ ಬದಲಾಗಿದೆ ಎಂದರ್ಥ. ಅದು ಪ್ರೀತಿಯೇ ಆಗಬೇಕಿಲ್ಲ. ಮುನಿಸಿಗೂ ಹೀಗಾಗುತ್ತದೆ, ಮನೆಯವರು ಗದರಿದಾಗಲೂ ಹೀಗಾಗುತ್ತದೆ. ಮುನಿಸಾದರೆ ಮಾತು ಚಿಕ್ಕದಾಗುತ್ತದೆ, ಅವನು ನಿಮ್ಮ ಪಕ್ಕದ ಕುರ್ಚಿ ಬಿಟ್ಟು ಕೂರುತ್ತಾನೆ. ಇಷ್ಟವಿದ್ದಾಗ ಮಾತು ಹುಷಾರಾದರೂ ಉದ್ದವಾಗುತ್ತದೆ, ಪಕ್ಕದ ಕುರ್ಚಿಯೂ ತಪ್ಪುವುದಿಲ್ಲ. ಇನ್ನು ಹೊಸದಾಗಿ ‘ಅಕ್ಕ’ ‘ಅಣ್ಣ’ ಶುರುವಾದರೆ ಅದು ಎಳೆದ ಗೆರೆ. ಅದನ್ನು ದಾಟಲು ಹೋಗಬೇಡಿ.

ಶಿರಸಿಯ ವಿಷಯದಲ್ಲಿ ಪಕ್ಕದ ಕುರ್ಚಿ ತಪ್ಪಿರಲಿಲ್ಲ. ಇನ್ನೊಂದು 4 ವಾರ ನೋಡು, ಇಲ್ಲ ಎನ್ನಿಸುವಂಥದ್ದನ್ನೂ ಬರೆದುಕೋ ಎಂದೆ. ಅವನು ಒಂದು ಭಾನುವಾರ ಬರಲಿಲ್ಲ, ಇವಳಿಗೆ ತಿಳಿಸಲೂ ಇಲ್ಲ ಎನ್ನುವುದೂ ಪಟ್ಟಿಗೆ ಸೇರಿತು.

ಗುಂಪಿನಲ್ಲಿ ಮತ ಹಾಕಿಸಬೇಡಿ

ಗುಂಪು ಕೆಡುವುದು ಹೆಚ್ಚಾಗಿ ಇಲ್ಲೇ. ‘ನಿಂಗೂ ಹಾಗೇ ಅನ್ಸುತ್ತಾ?’ ಎಂದು ಒಬ್ಬಳನ್ನು ಕೇಳಿದರೆ ಎರಡು ದಿನದಲ್ಲಿ ನಾಲ್ವರಿಗೂ ಗೊತ್ತಾಗುತ್ತದೆ. ರೇಗಿಸುವುದು ಶುರುವಾಗುತ್ತದೆ, ಇಬ್ಬರನ್ನು ಬೇಕೆಂದೇ ಪಕ್ಕದಲ್ಲಿ ಕೂರಿಸುತ್ತಾರೆ. ಅಲ್ಲಿಂದಾಚೆ ಅವನು ಏನು ಮಾಡಿದರೂ ಅದು ಇಷ್ಟವೋ, ನಾಚಿಕೆಯೋ, ರೇಗಿಸುವವರ ಭಯವೋ ಹೇಳಲಾಗುವುದಿಲ್ಲ. ಇದ್ದ ಸೂಚನೆಗಳೂ ಕಲಸಿಹೋಗುತ್ತವೆ. ಇಷ್ಟವಿಲ್ಲದಿದ್ದರೆ ಎಲ್ಲರೆದುರು ಇಲ್ಲ ಎನ್ನಬೇಕಾದ ಪಾಡು ಅವನಿಗೆ.

ಅಷ್ಟು ಬೆಲೆ ತೆತ್ತರೂ ಸಿಗುವ ಉತ್ತರ ನೆಚ್ಚುವಂಥದ್ದಲ್ಲ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅಪರಿಚಿತ ಗಂಡು–ಹೆಣ್ಣುಗಳನ್ನು ಜೋಡಿಯಾಗಿ ಮಾತಿಗೆ ಕೂರಿಸಿ, ಎದುರಿನವರು ಆಸಕ್ತಿ ತೋರಿಸಿದರೇ ಎಂದು ಕೇಳಿದ್ದರು. ತೋರಿಸದಿದ್ದಾಗ ‘ಇಲ್ಲ’ ಎಂದು ಸರಿಯಾಗಿ ಹೇಳಿದವರು ಶೇ 80ಕ್ಕೂ ಹೆಚ್ಚು. ನಿಜವಾಗಿ ತೋರಿಸಿದಾಗ ಅದನ್ನು ಹಿಡಿದವರು ಗಂಡಸರಲ್ಲಿ ಶೇ 36, ಹೆಂಗಸರಲ್ಲಿ ಶೇ 18 ಮಾತ್ರ. ಪಕ್ಕಕ್ಕೆ ನಿಂತು ಆ ಮಾತುಕತೆಯ ವಿಡಿಯೊ ನೋಡಿದವರೂ ಹೆಚ್ಚೇನೂ ಗೆಲ್ಲಲಿಲ್ಲ. ಅವರೆಲ್ಲ ಅಪರಿಚಿತರು, ಹಳೆಯ ಗೆಳೆಯರಲ್ಲ ನಿಜ. ಆದರೂ ‘ನಂಗೆ ಪಕ್ಕಾ ಗೊತ್ತು’ ಎನ್ನುವ ಗೆಳತಿಯ ಮಾತನ್ನು ಉಪ್ಪು ಹುಳಿ ನೋಡಿಯೇ ತಗೊಳ್ಳಿ. ಹೇಳಿಕೊಳ್ಳಲೇಬೇಕು ಎನ್ನಿಸಿದರೆ ಗುಂಪಿನ ಹೊರಗಿನ ಒಬ್ಬರಿಗೆ ಹೇಳಿ. ಮನೆ ಮಾಲೀಕಳಾದರೂ ಆದೀತು.

ಸುಲಭವಾಗಿ ‘ಬೇಡ’ ಎನ್ನಬಹುದಾದ ಒಂದು ಕರೆ

ನೋಡಿದ್ದು ಸಾಕೆನಿಸಿದ ಮೇಲೆ ಇಬ್ಬರೇ ಹೋಗುವಂಥ ಸಣ್ಣದೊಂದು ಕರೆ ಕೊಡಿ. ಸಣ್ಣದು ಎಂದರೆ ಒಂದು ಗಂಟೆಯಲ್ಲಿ ಮುಗಿಯಬೇಕು, ಬರಲಿಲ್ಲವೆಂದರೆ ಯಾರಿಗೂ ಬೇಜಾರಾಗಬಾರದು. ಹೊಟ್ಟೆಕಿಚ್ಚು ಹುಟ್ಟಿಸಲು ಇನ್ನೊಬ್ಬನ ಹೆಸರು ಎತ್ತುವ ಆಟ ಮಾತ್ರ ಬೇಡವೇ ಬೇಡ. ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ, ಅವನಿಗೆ ತಪ್ಪು ತಿಳಿಯುತ್ತದೆ.

ಆಗ ಕಾರ್ತಿಕ ಮಾಸ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಹತ್ತಿರವಿತ್ತು. ಅವಳು ಅವನೊಬ್ಬನಿಗೇ ‘ಸೋಮವಾರ ಆಫೀಸ್ ಮುಗಿಸ್ಕೊಂಡು ಪರಿಷೆಗೆ ಹೋಗ್ತಿದೀನಿ, ಬರ್ತೀಯಾ?’ ಎಂದು ಕಳಿಸಿದಳು. ಉತ್ತರ ಮೂರು ಬಗೆಯಲ್ಲಿ ಬರಬಹುದಿತ್ತು. ‘ಎಲ್ರನ್ನೂ ಕರಿಯೋಣ’ ಎಂದಿದ್ದರೆ ಅದೇ ನಯವಾದ ‘ಇಲ್ಲ’ ಎಂದು ತಿಳಿದು ಖುಷಿಯಿಂದ ಎಲ್ಲರನ್ನೂ ಕರೆಯಬೇಕು. ‘ಆಗಲ್ಲ’ ಎಂದಷ್ಟೇ ಬಂದರೆ ಇನ್ನೊಮ್ಮೆ ಕರೆಯಬಹುದು, ಮೂರನೇ ಸಲ ಬೇಡ. ಅವನಿಂದ ಬಂದದ್ದು ‘ಸೋಮವಾರ ಕೆಲ್ಸ ಇದೆ, ಮಂಗಳವಾರಾನೂ ಅಂಗಡಿ ಇರುತ್ತಲ್ಲ, ಅವತ್ತು ಹೋಗೋಣ್ವಾ?’ ಬೇರೆ ದಿನವನ್ನು ತಾನೇ ಸೂಚಿಸಿದ್ದಕ್ಕೆ ಉಪ್ಪಿನಕಾಯಿ ಬಾಟಲಿಗಿಂತ ಹೆಚ್ಚು ಬೆಲೆ ಕೊಟ್ಟೆ ನಾನು.

ನಿಮ್ಮ ಉತ್ತರ ‘ಕಿರಿಕಿರಿ’ ಆಗಿದ್ದರೆ ಈ ಹೆಜ್ಜೆಗೆ ಬರಲೇಬೇಡಿ. ಅನುಮಾನದ ಮೇಲೆ ‘ನಿಂಗೆ ನಾನಂದ್ರೆ ಇಷ್ಟಾನಾ, ನಂಗಿಲ್ಲ’ ಎಂದರೆ ಇಲ್ಲದ ಅಪವಾದ ಹೊರಿಸಿದಂತೆ. ಒಂಟಿಯಾಗಿ ಸಿಗುವ ಸಂದರ್ಭ ಕಡಿಮೆ ಮಾಡಿ, ರಾತ್ರಿ ಹರಟೆ ನಿಲ್ಲಿಸಿ, ಉಳಿದವರಿಗೆ ಕೊಡುವಷ್ಟೇ ಸಲಿಗೆ ಅವನಿಗೂ ಕೊಡಿ. ಅವನೇ ಬಾಯಿಬಿಟ್ಟರೆ ಮಾತ್ರ ಸ್ಪಷ್ಟವಾಗಿ ಇಲ್ಲ ಎನ್ನಿ. ‘ಈಗ ಬೇಡ’ ಎಂಬ ಮಾತು ಕಾಯುವುದಕ್ಕೆ ಹಚ್ಚುತ್ತದೆ.

ಕೇಳುವ ಹೊತ್ತು

ಚಿಕ್ಕಮಗಳೂರಿಗೆ ಹೋದ ಟ್ರಿಪ್ಪಿನ ಮೊದಲ ರಾತ್ರಿ ಕೇಳಿದರೆ, ಉಳಿದ ಎರಡು ದಿನ ಒಂದೇ ಟೆಂಪೊ ಟ್ರಾವೆಲರ್‌ನಲ್ಲಿ ಮುಖ ತಪ್ಪಿಸಿಕೊಂಡು ಕೂರಬೇಕು. ಹುಟ್ಟುಹಬ್ಬದ ದಿನವೂ ಬೇಡ. ನಡೆಯುತ್ತ ಕೇಳುವುದು ಒಳ್ಳೆಯದು, ಮುಖ ನೋಡುತ್ತ ಕೂರಬೇಕಾಗಿಲ್ಲ. ಮನೆಗೆ ಹೋಗುವ ದಾರಿ ಹತ್ತಿರದಲ್ಲಿರಲಿ. ‘ಎಲ್ರೂ ಹೇಳ್ತಾರೆ’ ಎಂದು ಶುರು ಮಾಡಬೇಡಿ, ಸಾಕ್ಷಿಗಳ ಪಟ್ಟಿ ಒಪ್ಪಿಸಬೇಡಿ.

ಒಂದು ಸೇರು ಹುರಿದ ಕಡಲೆಕಾಯಿ ತೆಗೆದುಕೊಂಡು ಮೆಟ್ರೊ ಕಡೆಗೆ ನಡೆಯುವಾಗ ಅವಳು ಹೇಳಿದ್ದು ಇಷ್ಟು: ‘ನಂಗೆ ನೀನು ಫ್ರೆಂಡ್‌ಗಿಂತ ಜಾಸ್ತಿ ಇಷ್ಟ ಆಗ್ತಿದೀಯ. ನಿಂಗೆ ಹಾಗಿಲ್ಲ ಅಂದ್ರೂ ಭಾನುವಾರ ದೋಸೆಗೆ ಬರ್ತೀನಿ. ಇವತ್ತೇ ಹೇಳ್ಬೇಕು ಅಂತಿಲ್ಲ.’ ಅವನು ಯೋಚಿಸಲು ಎರಡು ದಿನ ಸಮಯ ಕೇಳಿದ. ಗುರುವಾರ ಫೋನ್ ಮಾಡಿ, ಅವಳಂದುಕೊಂಡದ್ದು ಸುಳ್ಳಲ್ಲ ಎಂದ. ಆದರೆ ಅಪ್ಪನಿಗೆ ಮೊಣಕಾಲು ನೋವು, ಒಂದೆರಡು ವರ್ಷದಲ್ಲಿ ಅಡಿಕೆ ತೋಟ ನೋಡಿಕೊಳ್ಳಲು ಊರಿಗೇ ಹೋಗುತ್ತೇನೆ, ನಿನ್ನ ಕೆಲಸ ಬಿಡಿಸಿ ಕರೆದೊಯ್ಯುವ ಆಸೆ ನನಗಿಲ್ಲ, ಶುರು ಮಾಡುವುದು ಬೇಡ ಎಂದ. ಅವಳು ವಾದ ಮಾಡಲಿಲ್ಲ. ಸೂಚನೆ ಓದಿದ್ದು ಸರಿಯಾಗಿದ್ದರೂ ಉತ್ತರ ಬೇರೆಯೇ ಇರಬಹುದು.

ಆ ಭಾನುವಾರ ಇಬ್ಬರೂ ದೋಸೆಗೆ ಹೋದರು. ಅವಳು ವಾಟ್ಸ್ಆ್ಯಪ್ ಗುಂಪು ಬಿಡಲಿಲ್ಲ, ಯಾರಿಗೂ ಹೇಳಲಿಲ್ಲ. ಮೆಟ್ರೊವರೆಗೆ ಕೋಲಾರದವಳ ಜೊತೆ ನಡೆದಳು, ಒಂದು ತಿಂಗಳು ಹಾಗೇ ಮಾಡಿದಳು. ಮೊದಲ ಎರಡು ವಾರ ತಿಂದದ್ದು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಜನವರಿಯ ಹೊತ್ತಿಗೆ ಅವನ ಬಾಯಲ್ಲಿ ಮತ್ತೆ ‘ಲೇ’ ಬಂದಿತ್ತು.

ಏಪ್ರಿಲ್‌ನಲ್ಲಿ ಶಿರಸಿಯಿಂದ ಅಪ್ಪೆಮಿಡಿ ಬಂತು. ಐದು ಬಾಟಲಿ, ಐದೂ ಒಂದೇ ಅಳತೆ.