ಗುಡ್ಡದ ಹಳ್ಳದಿಂದ ಟ್ಯಾಂಕಿಗೆ ನೀರು: ಎಷ್ಟು ಎಂಎಂ ಪೈಪ್ ಅಂತ ನಾನು ಲೆಕ್ಕ ಹಾಕಿದ್ದು ಹೇಗೆ

ಕೊಪ್ಪ ಕಡೆ ನಮ್ಮ ಚಿಕ್ಕಪ್ಪನ ತೋಟದ ಮೇಲ್ಗಡೆ ಗುಡ್ಡದಲ್ಲಿ ಒಂದು ಹಳ್ಳ ಇದೆ, ಬೇಸಿಗೇಲೂ ನೀರು ಬತ್ತಲ್ಲ. ಅಲ್ಲಿಂದ ಮೋಟಾರ್ ಇಲ್ಲದೆ ಬರೀ ಇಳಿಜಾರಿನ ಮೇಲೆ ತೋಟದ ಟ್ಯಾಂಕಿಗೆ ನೀರು ತರ್ಬೇಕು, ಟ್ಯಾಂಕ್ 20 ಸಾವಿರ ಲೀಟರ್ದು, ಬೆಳಿಗ್ಗೆ ಹೊತ್ತು ಮೂರು ತಾಸಿನಲ್ಲಿ ತುಂಬ್ಬೇಕು ಅಂತ ಚಿಕ್ಕಪ್ಪ ಹೇಳಿದ್ರು. ಅಂದ್ರೆ ಹತ್ತಿರ ಹತ್ತಿರ ಸೆಕೆಂಡಿಗೆ 2 ಲೀಟರ್. "ಎಷ್ಟು ಇಂಚಿನ ಪೈಪ್ ತರ್ಲಿ ಮಾರಾಯ, ಅಂಗಡಿಯವ್ನು ಎರಡೂವರೆ ಇಂಚು ಹಾಕಿ ಅಂತಾನೆ, ಪಕ್ಕದ ಮನೆಯವ್ರು ಒಂದೂವರೆ ಸಾಕು ಅಂತಾರೆ" ಅಂತ ಫೋನ್ ಮಾಡಿದ್ರು. ಆ ಲೆಕ್ಕ ಹೇಗೆ ಮಾಡಿದೆ, ಆಮೇಲೆ ಪೈಪ್ ಹಾಕುವಾಗ ಎಲ್ಲಿ ತಪ್ಪಿತು ಅನ್ನೋದನ್ನ ಬರೀತಿದ್ದೀನಿ.

ಮೊದಲು ಮೂರು ಅಳತೆ ಬೇಕು. ಹಳ್ಳದಲ್ಲಿ ಎಷ್ಟು ನೀರಿದೆ ಅನ್ನೋದು ಮೊದಲನೇದು, ಏಪ್ರಿಲ್‌ನಲ್ಲಿ ಅಡ್ಡ ಮಣ್ಣು ಹಾಕಿ ಒಂದು ತುಂಡು ಪೈಪಿನಲ್ಲಿ ನೀರು ಬೀಳೋ ಹಾಗೆ ಮಾಡಿ 20 ಲೀಟರ್ ಪೇಂಟ್ ಬಕೆಟ್ ಹಿಡಿದ್ವಿ, 7 ಸೆಕೆಂಡಿಗೆ ತುಂಬಿತು, ಅಂದ್ರೆ 2.8 ಲೀಟರ್ ಚಿಲ್ಲರೆ, ನಮಗೆ ಬೇಕಾದ 2 ಲೀಟರ್ ಸಿಗ್ತದೆ. ಎರಡನೇದು ಪೈಪ್ ಹೋಗೋ ದಾರಿ ಉದ್ದ, ಟೇಪ್ ಹಿಡಿದು ನೆಲದ ಏರಿಳಿತದ ಮೇಲೇ ಅಳೆದಿದ್ದು, 620 ಮೀಟರ್. ಮೂರನೇದು ಎತ್ತರದ ವ್ಯತ್ಯಾಸ. ಇದನ್ನ ದಯವಿಟ್ಟು ಮೊಬೈಲ್ ಜಿಪಿಎಸ್‌ನಲ್ಲಿ ನೋಡ್ಬೇಡಿ, ಮರದಡಿ ಅದು ಹತ್ತು ಮೀಟರ್ ಆಚೀಚೆ ತೋರಿಸ್ತದೆ, ನಮ್ಮ ಒಟ್ಟು ಇಳಿಜಾರೇ ಹದಿನಾಲ್ಕು ಮೀಟರ್. ಗಾರೆ ಕೆಲಸದವ್ರು ಬಳಸೋ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡ್ಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿದ್ವಿ, ಅರ್ಧ ದಿನ ಹಿಡೀತು, ಆದ್ರೆ ನಂಬಬಹುದಾದ ಅಳತೆ ಸಿಕ್ತು. ಹಾಗೆ ಇಳಿಯುವಾಗ್ಲೇ ಇನ್ನೊಂದನ್ನೂ ಬರ್ಕೊಂಡೆ, ಹಳ್ಳದಿಂದ 300 ಮೀಟರ್ ದೂರದಲ್ಲಿ ದಾರಿ ಒಂದು ದಿಬ್ಬ ಹತ್ತಿ ಇಳೀತದೆ, ಆ ದಿಬ್ಬದ ನೆತ್ತಿ ಹಳ್ಳದ ನೀರಿನ ಮಟ್ಟಕ್ಕಿಂತ ಬರೀ 5 ಮೀಟರ್ ಕೆಳಗೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಇದೇ ಅಳತೆ.

14 ಮೀಟರ್ ಇಳಿಜಾರಿನಲ್ಲಿ 2 ಮೀಟರನ್ನ ಪೈಪ್ ಬಾಯಿಯ ಜಾಲರಿ, ಬೆಂಡು, ವಾಲ್ವ್ ಇವಕ್ಕೆ ಅಂತ ತೆಗೆದಿಟ್ಟೆ. ಬೆಂಡುಗಳಿಂದ ಹೋಗೋದು ನಿಜವಾಗಿ ಕಮ್ಮಿ, ಈ ವೇಗದಲ್ಲಿ ಇಪ್ಪತ್ತು ಎಲ್ಬೋ ಹಾಕಿದ್ರೂ ಅರ್ಧ ಮೀಟರ್ ಮೇಲೆ ಸ್ವಲ್ಪ ಅಷ್ಟೇ, ಆದ್ರೆ ಮೇಲಿನ ಜಾಲರಿಗೆ ಎಲೆ ಕಟ್ಟಿದಾಗ ಹೋಗೋದು ಜಾಸ್ತಿ. ಉಳಿದಿದ್ದು 12 ಮೀಟರ್. ಅಷ್ಟನ್ನೂ ಪೈಪಿನ ಫ್ರಿಕ್ಷನ್ ತಿನ್ನಬಹುದು, ಅದೇ ನಮಗೆ ಕೊಟ್ಟಿರೋ ಒಟ್ಟು ಹೆಡ್ ಲಾಸ್. ಪೈಪ್ ಗೊತ್ತಿದ್ದು ಲಾಸ್ ಕಂಡುಹಿಡಿಯೋದು ಸುಲಭ, ಇಲ್ಲಿ ಉಲ್ಟಾ, ಲಾಸ್ ಗೊತ್ತು ಪೈಪ್ ಗೊತ್ತಿಲ್ಲ. ಪೈಪಿನ ಲಾಸ್ ಲೆಕ್ಕ ಹಾಕೋ ಡಾರ್ಸಿ ಫಾರ್ಮುಲಾನ ಡಯಾಮೀಟರ್‌ಗೆ ತಿರುಗಿಸಿ ಬರೆದ್ರೆ ಹೀಗೆ:

```
D  = (8 f L Q² / (π² g h))^(1/5)
Re = 4Q / (π D ν)
f  = 0.25 / [log10( e/(3.7D) + 5.74/Re^0.9 )]²
```

D ಅಂದ್ರೆ ಪೈಪಿನ ಒಳಗಿನ ಡಯಾಮೀಟರ್, f ಅಂದ್ರೆ ಫ್ರಿಕ್ಷನ್ ಎಷ್ಟು ಅಂತ ಹೇಳೋ ಸಂಖ್ಯೆ, Re ಅಂದ್ರೆ ರೇನಾಲ್ಡ್ಸ್ ಸಂಖ್ಯೆ. ತೊಡಕು ಎಲ್ಲಿ ಅಂದ್ರೆ D ಬೇಕಾದ್ರೆ f ಬೇಕು, f ಬೇಕಾದ್ರೆ D ಬೇಕು. ಮೂರನೇ ಸಾಲು ಪ್ರಭಾತ ಸ್ವಾಮೀ ಮತ್ತು ಅಕಲಂಕ ಜೈನ್ 1976ರಲ್ಲಿ ಕೊಟ್ಟಿದ್ದು, ಅದ್ರಿಂದ f ಒಂದೇ ಸಲಕ್ಕೆ ಸಿಗ್ತದೆ, ಚಾರ್ಟ್ ನೋಡೋದು ತಪ್ತದೆ. ಆದ್ರೆ ಅದಕ್ಕೂ D ಬೇಕಲ್ಲ, ಹಾಗಾಗಿ f ಸುಮ್ಮನೆ 0.02 ಅಂತ ಇಟ್ಕೊಂಡು ಶುರು ಮಾಡಿದೆ. Q ಅಂದ್ರೆ ಸೆಕೆಂಡಿಗೆ ಹರಿಯೋ ನೀರು, 0.002 ಘನ ಮೀಟರ್, L 620, h 12, ಹಾಕಿದ್ರೆ D 50.9 ಎಂಎಂ ಬಂತು. ಆ D ಇಟ್ಕೊಂಡು Re ಲೆಕ್ಕ ಮಾಡಿದ್ರೆ ಸುಮಾರು 50 ಸಾವಿರ (ನೀರಿನ ಸ್ನಿಗ್ಧತೆ ν ಹತ್ತು ಲಕ್ಷದಲ್ಲಿ ಒಂದು ಭಾಗ), ಪೈಪಿನ ಒಳಗಿನ ಒರಟು e ಹೊಸ ಪ್ಲಾಸ್ಟಿಕ್‌ಗೆ ಇನ್ನೂ ಕಮ್ಮಿ ಇರ್ತದೆ ಆದ್ರೆ ನಾಲ್ಕು ವರ್ಷಕ್ಕೆ ಒಳಗೆ ಪಾಚಿ ಲೋಳೆ ಕಟ್ತದಲ್ಲ ಅಂತ 0.01 ಎಂಎಂ ಹಿಡಿದೆ, f 0.0215 ಆಯ್ತು. ವಾಪಸ್ ಮೊದಲನೇ ಸಾಲಿಗೆ ಹಾಕಿದ್ರೆ D 51.7. ಇನ್ನೊಂದು ಸುತ್ತು ಹಾಕಿದೆ, ಮತ್ತೂ 51.7. ಎರಡೇ ಸುತ್ತಿಗೆ ನಿಂತುಬಿಡ್ತು. ಯಾಕೆ ಇಷ್ಟು ಬೇಗ ಅಂದ್ರೆ f ಐದನೇ ಮೂಲದ ಒಳಗಿದೆ, f ನಲ್ಲಿ ನೂರಕ್ಕೆ ಎಂಟು ತಪ್ಪಿದ್ರೂ D ನಲ್ಲಿ ಒಂದೂವರೆ ಅಷ್ಟೇ ತಪ್ಪೋದು. ಅದೇ ಕಾರಣಕ್ಕೆ ಉಲ್ಟಾ ಕಡೆ ಹುಷಾರಾಗಿರ್ಬೇಕು, D ಸ್ವಲ್ಪ ಕಮ್ಮಿ ಆದ್ರೂ ಲಾಸ್ ಐದು ಪಟ್ಟು ವೇಗದಲ್ಲಿ ಏರ್ತದೆ.

51.7 ಅಂತ ಬಂತಲ್ಲ, ಅದು ಒಳಗಿನ ಅಳತೆ. ಅಂಗಡಿಯಲ್ಲಿ ಎಚ್‌ಡಿಪಿಇ ಪೈಪಿಗೆ ಹೇಳೋದು ಹೊರಗಿನ ಅಳತೆ, ಅದನ್ನೇ ಅವ್ರು ಬಾಯಲ್ಲಿ ಇಂಚು ಮಾಡಿ 50 ಎಂಎಂಗೆ ಒಂದೂವರೆ, 63ಕ್ಕೆ ಎರಡು ಅಂತಾರೆ. ಕ್ಯಾಲಿಪರ್ ತಗೊಂಡು ಹೋಗಿ ಅಳೆದೆ. 50ರದ್ದು ಒಳಗೆ 45.2, 63ರದ್ದು ಒಳಗೆ 57. ಇದೇ 63ರಲ್ಲಿ ದಪ್ಪ ಗೋಡೆದು ಬರ್ತದೆ, ಅದರ ಒಳಗಳತೆ 53.6 ಆಗ್ಬಿಡ್ತದೆ, ನಮ್ಮಲ್ಲಿ ಪ್ರೆಶರ್ ಒಂದೂವರೆ ಕೆಜಿ ದಾಟಲ್ಲ, ಹಾಗಾಗಿ ದಪ್ಪ ಪೈಪಿಗೆ ದುಡ್ಡು ಜಾಸ್ತಿ ಕೊಟ್ಟು ನೀರು ಕಮ್ಮಿ ತಗೊಂಡ ಹಾಗೆ. ಈಗ ಮತ್ತೆ ಲಾಸ್ ನೋಡಿದೆ, 2 ಲೀಟರ್ ಹರಿದ್ರೆ 57ರಲ್ಲಿ 620 ಮೀಟರಿಗೆ 7.5 ಮೀಟರ್ ಲಾಸ್, 45.2ರಲ್ಲಿ 23 ಮೀಟರ್. ಅಂದ್ರೆ 50 ಎಂಎಂ ಪೈಪ್ ಪೂರ್ತಿ ಹಾಕಿದ್ರೆ 12 ಮೀಟರಿಗೆ 1.4 ಲೀಟರ್ ಮಾತ್ರ ಬರ್ತದೆ, 63 ಹಾಕಿದ್ರೆ ಬೇಕಾದ್ದಕ್ಕಿಂತ ಜಾಸ್ತಿ, 2.6 ಹತ್ತಿರ. ಅಂಗಡಿಯವ್ನು ಹೇಳಿದ ಎರಡೂವರೆ ಇಂಚಿನ 75 ಬೇಕಾಗಿಲ್ಲ.

ಚಿಕ್ಕಪ್ಪನ ಮನೆ ಅಟ್ಟದಲ್ಲಿ ಹಳೇ 50 ಎಂಎಂ ಪೈಪ್ 150 ಮೀಟರ್ ಇತ್ತು, ಅದನ್ನೂ ಸೇರಿಸಬಹುದಾ ಅಂತ ಕೇಳಿದ್ರು. 63ರಲ್ಲಿ ನೂರು ಮೀಟರಿಗೆ 1.2 ಮೀಟರ್ ಲಾಸ್, 50ರಲ್ಲಿ 3.7. ಹಾಗಾದ್ರೆ 470 ಮೀಟರ್ ಹೊಸ 63ಕ್ಕೆ 5.7, 150 ಮೀಟರ್ ಹಳೇ 50ಕ್ಕೆ 5.5, ಕೂಡಿದ್ರೆ 11.2 ಮೀಟರ್. 12ರ ಒಳಗೇ ಇದೆ, 150 ಮೀಟರ್ ಪೈಪಿನ ದುಡ್ಡು ಉಳೀತದೆ. ಆಯ್ತು ಅಂದೆ, 63 ಮೇಲೆ ಬರ್ಲಿ 50 ಕೆಳಗೆ ಟ್ಯಾಂಕ್ ಹತ್ರ ಬರ್ಲಿ ಅಂತಾನೂ ಅಂದೆ, ಆದ್ರೆ ಯಾಕೆ ಅಂತ ಬಿಡಿಸಿ ಹೇಳಿಲ್ಲ, ನಾನು ಬೆಂಗಳೂರಿಗೆ ವಾಪಸ್ ಬಂದೆ.

ಮುಂದಿನ ವಾರ ಪೈಪ್ ಹಾಕಿದ್ರು. 50 ಎಂಎಂ ಸುರುಳಿ ಹಗುರ, ಗುಡ್ಡ ಹತ್ತಿಸೋಕೆ ಸುಲಭ ಅಂತ ಕೆಲಸದವ್ರು ಅದನ್ನೇ ಮೇಲೆ ಹಾಕ್ಬಿಟ್ಟಿದ್ರು, ಒಟ್ಟು ಉದ್ದ ಅಷ್ಟೇ ಅಲ್ವಾ ಅಂತ. ಒಟ್ಟು ಲಾಸ್ ಲೆಕ್ಕದಲ್ಲಿ ಹೌದು, ಯಾವುದು ಮೇಲಿದ್ರೂ 11.2. ಆದ್ರೆ ಟ್ಯಾಂಕಿಗೆ ನೀರು ಬುಸ್ ಬುಸ್ ಅಂತ ಗಾಳಿ ಉಗುಳ್ತಾ ಬರ್ತಾ ಇತ್ತು, ಬಕೆಟ್ ತುಂಬೋಕೆ ಹನ್ನೆರಡೂವರೆ ಸೆಕೆಂಡ್, ಅಂದ್ರೆ 1.6 ಲೀಟರ್. ಜಾಲರಿ ಕ್ಲೀನ್ ಮಾಡಿದ್ರು, ಏನೂ ಬದಲಾಗಿಲ್ಲ.

ನಾನು ಶನಿವಾರ ಹೋಗಿ ನೇರ ಆ ದಿಬ್ಬದ ನೆತ್ತಿಗೆ ಹೋದೆ. ಅಲ್ಲಿನ ಜಾಯಿಂಟ್ ಸ್ವಲ್ಪ ಸಡಿಲ ಮಾಡಿದ್ರೆ ನೀರು ಚಿಮ್ಮಬೇಕಿತ್ತು, ಹನಿ ನೀರೂ ಬರಲಿಲ್ಲ, ಬದಲಿಗೆ ಸುಂಯ್ ಅಂತ ಗಾಳಿ ಒಳಗೆ ಎಳೀತು. ಅಷ್ಟಕ್ಕೇ ಕಾರಣ ಗೊತ್ತಾಯ್ತು. ಪೈಪಿನ ಯಾವ ಜಾಗದಲ್ಲಾದ್ರೂ ಉಳಿಯೋ ಪ್ರೆಶರ್ ಅಂದ್ರೆ ಅಲ್ಲಿವರೆಗೆ ಇಳಿದ ಎತ್ತರದಲ್ಲಿ ಅಲ್ಲಿವರೆಗೆ ಕಳೆದ ಲಾಸ್ ಕಳೆದ್ರೆ ಉಳಿಯೋದು. ದಿಬ್ಬದವರೆಗೆ ಇಳಿದಿದ್ದು 5 ಮೀಟರ್. ಅವ್ರು ಹಾಕಿದ ಹಾಗೆ ಮೊದಲ 150 ಮೀಟರ್ 50 ಎಂಎಂ, ಅದಕ್ಕೆ 5.5 ಲಾಸ್, ಮುಂದಿನ 150 ಮೀಟರ್ 63ಕ್ಕೆ 1.8, ಒಟ್ಟು 7.3. ಐದು ಇಳಿದು ಏಳು ಕಾಲು ಕಳೆದ್ರೆ ಪ್ರೆಶರ್ ಸೊನ್ನೆಗಿಂತ ಎರಡು ಮೀಟರಿಗೂ ಜಾಸ್ತಿ ಕೆಳಗೆ ಹೋಗ್ತದೆ, ಪೈಪ್ ಅಲ್ಲಿ ಹೀರೋಕೆ ಶುರು ಮಾಡ್ತದೆ, ಜಾಯಿಂಟ್ ರಬ್ಬರ್ ನೀರನ್ನ ಹೊರಗೆ ಬಿಡದಿದ್ರೂ ಗಾಳೀನ ಒಳಗೆ ಬಿಡ್ತದೆ, ನೀರಲ್ಲಿ ಕರಗಿರೋ ಗಾಳಿಯೂ ಬಿಟ್ಕೊಂಡು ಅಲ್ಲೇ ಕೂರ್ತದೆ. ದಿಬ್ಬದಲ್ಲಿ ಗಾಳಿ ತುಂಬಿದ ಮೇಲೆ ಕೆಳಗಿನ ಇಳಿಜಾರು ಮೇಲಿನ ನೀರನ್ನ ಎಳೆಯೋದು ನಿಂತೋಗ್ತದೆ, ದಿಬ್ಬದವರೆಗಿನ 5 ಮೀಟರ್ ಎಷ್ಟು ನೀರು ತಳ್ತದೋ ಅಷ್ಟೇ. ಆ ಲೆಕ್ಕ ಮಾಡಿದ್ರೆ 1.6 ಲೀಟರ್, ಬಕೆಟ್‌ನಲ್ಲಿ ಬಂದಿದ್ದೂ ಅದೇ.

63 ಮೇಲಿದ್ರೆ 300 ಮೀಟರಿಗೆ ಲಾಸ್ 3.6, ದಿಬ್ಬದಲ್ಲಿ 1.4 ಮೀಟರ್ ಪ್ರೆಶರ್ ಉಳೀತದೆ. ಇದನ್ನ ನೋಡಿದ ಮೇಲೆ ಇನ್ನೊಂದು ಲೆಕ್ಕ ಮಾಡಿದೆ, ಫಾರ್ಮುಲಾ ಕೊಟ್ಟ 51.7 ಎಂಎಂ ಪೈಪೇ ಎಲ್ಲಾದ್ರೂ ಸಿಕ್ಕಿ ಉದ್ದಕ್ಕೂ ಹಾಕಿದ್ರೆ? 620 ಮೀಟರಿಗೆ 12 ಅಂದ್ರೆ 300 ಮೀಟರಿಗೆ 5.8, ದಿಬ್ಬದಲ್ಲಿ ಇರೋದು 5. ಅದೂ ಗಾಳಿ ಎಳೀತಿತ್ತು. ಕೊಟ್ಟ ಒಟ್ಟು ಹೆಡ್ ಲಾಸ್‌ಗೆ ಸರಿಯಾದ ಡಯಾಮೀಟರ್ ಸಿಕ್ಕಿದ್ರೂ ದಾರಿ ಮಧ್ಯದ ಎತ್ತರದ ಜಾಗಗಳಿಗೆ ಒಂದೊಂದಾಗಿ ಈ ಕಳೆಯೋ ಲೆಕ್ಕ ಮಾಡ್ಲೇಬೇಕು, ದಾರಿ ಒಂದೇ ಸಮ ಇಳಿಜಾರು ಇದ್ದು ಉದ್ದಕ್ಕೂ ಒಂದೇ ಅಳತೆಯ ಪೈಪ್ ಇದ್ರೆ ಮಾತ್ರ ಬಿಡಬಹುದು.

ಭಾನುವಾರ ನಾಲ್ಕು ಜನ ಸೇರಿ 50ನ್ನ ಕೆಳಗೆ ತಂದು ಟ್ಯಾಂಕ್ ಕಡೆ ಹಾಕಿದ್ವಿ. ದಿಬ್ಬದ ನೆತ್ತಿಯಲ್ಲಿ ಅರ್ಧ ಇಂಚಿನ ಒಂದು ನಲ್ಲಿ ಕೂರಿಸಿದ್ವಿ, ಮೊದಲು ನೀರು ಬಿಡುವಾಗ ಅದನ್ನ ತೆರೆದಿಟ್ಟು ಗಾಳಿ ಪೂರ್ತಿ ಹೋಗಿ ಬರೀ ನೀರು ಬರೋಕೆ ಶುರುವಾದ ಮೇಲೆ ಮುಚ್ಚೋದು. ಈ ಸಲ ಬಕೆಟ್ ಒಂಬತ್ತೂವರೆ ಸೆಕೆಂಡಿಗೆ ತುಂಬಿತು, 2.1 ಲೀಟರ್, ಬುಸ್ ಬುಸ್ ಶಬ್ದ ಇಲ್ಲ. ಚಿಕ್ಕಪ್ಪ ಗಡಿಯಾರ ಹಿಡ್ಕೊಂಡು ಮೂರು ಸಲ ಬಕೆಟ್ ಹಿಡಿದು ನೋಡಿದ್ರು.

ಮೇ ಕೊನೆಗೆ ಹಳ್ಳದ ನೀರು ಇಳಿದು ಬಕೆಟ್‌ಗೆ 11 ಸೆಕೆಂಡ್ ಆಯ್ತು, ಅಂದ್ರೆ 1.8. ಪೈಪಿಗೆ ಎಳೆಯೋ ಶಕ್ತಿ ಅದಕ್ಕಿಂತ ಜಾಸ್ತಿ ಇರೋದ್ರಿಂದ ಮೇಲೆ ಪೈಪಿನ ಬಾಯಿ ನೀರಿಂದ ಹೊರಗೆ ಬಂದು ಮತ್ತೆ ಗಾಳಿ ನುಂಗೋಕೆ ಶುರು ಮಾಡ್ತದೆ. ಆಗ ಟ್ಯಾಂಕ್ ಹತ್ರ ಇರೋ ವಾಲ್ವ್‌ನ ಸ್ವಲ್ಪ ಮುಚ್ಚಿ, ಮೇಲೆ ಗುಂಡಿಯಲ್ಲಿ ನೀರು ತುಳುಕೋ ಮಟ್ಟಕ್ಕೆ ಬರೋವರೆಗೆ ಕಾಯ್ಬೇಕು. ಮುಚ್ಚೋದು ಕೆಳಗಿನ ವಾಲ್ವೇ ಆಗ್ಬೇಕು, ಮೇಲಿನ ವಾಲ್ವ್ ಮುಚ್ಚಿದ್ರೆ ಅಲ್ಲೇ ಪ್ರೆಶರ್ ಕಳೆದು ದಿಬ್ಬದಲ್ಲಿ ಮತ್ತೆ ಅದೇ ಕಥೆ ಆಗ್ತದೆ. ಈಗ ಚಿಕ್ಕಪ್ಪ ವಾಲ್ವ್ ಹಿಡಿ ಮೇಲೆ ಪೇಂಟ್‌ನಲ್ಲಿ ಎರಡು ಗೆರೆ ಹಾಕಿದ್ದಾರೆ, ಒಂದು ಏಪ್ರಿಲ್‌ವರೆಗೆ, ಇನ್ನೊಂದು ಮೇ ತಿಂಗಳಿಗೆ.