ಪ್ರೊಫೆಸರ್‌ಗೆ ಬರೆಯುವ ಮೊದಲು ದುಡ್ಡು ಎಲ್ಲಿದೆ ಅಂತ ನೋಡಿದೆ

ಜರ್ಮನಿಯಲ್ಲಿ ಪಿಎಚ್‌ಡಿ ಮಾಡುವ ಬಹಳ ಜನ ವಿಶ್ವವಿದ್ಯಾಲಯದ ಸಂಬಳದ ನೌಕರರು. ಪ್ರೊಫೆಸರ್ ಕೈಯಲ್ಲಿ ಪ್ರಾಜೆಕ್ಟ್ ಹಣ ಇದ್ದರೆ ಹುದ್ದೆ ಇರುತ್ತದೆ. ಇಲ್ಲದಿದ್ದರೆ ನಿಮ್ಮ ಅಂಕ ಎಷ್ಟೇ ಚೆನ್ನಾಗಿರಲಿ, ಅವರೇನೂ ಮಾಡುವಂತಿಲ್ಲ. ಹಾಗಾಗಿ ನಾನು ಸುಮ್ನೆ ಎಲ್ಲರಿಗೂ ಮೇಲ್ ಹಾಕಲಿಲ್ಲ. ಅಲ್ಲಿನ ಸಂಶೋಧನೆಗೆ ಹಣ ಕೊಡುವ ಡಿಎಫ್‌ಜಿಯ GEPRIS ಎಂಬ ತಾಣದಲ್ಲಿ ನನ್ನ ವಿಷಯ ಹುಡುಕಿದೆ. ಯಾವ ಪ್ರಾಜೆಕ್ಟ್, ಯಾರದ್ದು, ಯಾವ ವರ್ಷ ಶುರುವಾಯಿತು, ಎಲ್ಲ ಅಲ್ಲಿ ಸಿಗುತ್ತದೆ. ಇತ್ತೀಚೆಗೆ ಶುರುವಾದದ್ದನ್ನು ಮಾತ್ರ ಆರಿಸಿಕೊಂಡೆ. ಎರಡು ವರ್ಷ ಹಳೆಯದಾದರೆ ಹುದ್ದೆ ಅಷ್ಟರಲ್ಲಿ ತುಂಬಿರುತ್ತದೆ, ಅಲ್ವಾ?

ನನ್ನ ಎಂ.ಟೆಕ್ ಕೆಲಸ ಕೋಲಾರದ್ದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಹರಿಸುತ್ತಾರೆ. ಆ ಕೆರೆಗಳ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನಾನು ನೈಟ್ರೇಟ್ ಅಳೆದಿದ್ದೆ. ನಾನು ಆರಿಸಿದ ಪ್ರೊಫೆಸರ್ ನದಿ ದಂಡೆಯ ಮರಳಿನಲ್ಲಿ ನೀರು ಇಳಿಯುವಾಗ ಏನಾಗುತ್ತದೆ ಎಂದು ನೋಡುತ್ತಿದ್ದರು. ಮೇಲ್‌ನ ಮೊದಲ ಸಾಲುಗಳಲ್ಲಿ ಈ ಎರಡನ್ನೂ ಜೋಡಿಸಿದೆ: "ಮರಳಿನ ಪದರದಲ್ಲಿ ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಕಡಿಮೆ ಮಾಡುತ್ತವೆ ಎಂದು ನಿಮ್ಮ ಲೇಖನದಲ್ಲಿದೆ. ನಮ್ಮದು ಗಟ್ಟಿ ಬಂಡೆ, ನೀರು ಬಿರುಕುಗಳಲ್ಲಿ ಬೇಗ ಹೋಗುತ್ತದೆ. ಅಲ್ಲಿ ಇದಕ್ಕೆ ಸಮಯ ಸಿಗುತ್ತದೆಯೇ ಎಂಬುದು ನನ್ನ ಪ್ರಶ್ನೆ." ನಿಮ್ಮ ಸಂಶೋಧನೆ ನನಗೆ ಬಹಳ ಇಷ್ಟವಾಯಿತು ಎನ್ನುವ ಸಾಲು ಬರೆಯಲೇ ಇಲ್ಲ. ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು.

ಆಮೇಲೆ ಒಂದೇ ವಿಚಾರ ಕೇಳಿದೆ: ಈ ಪ್ರಾಜೆಕ್ಟ್‌ನಲ್ಲಿ ಪಿಎಚ್‌ಡಿ ಹುದ್ದೆ ಇನ್ನೂ ಖಾಲಿ ಇದೆಯೇ, ಇದ್ದರೆ ಜಾಹೀರಾತು ಯಾವಾಗ? ಒಟ್ಟು ಇಂಗ್ಲಿಷ್‌ನಲ್ಲಿ ಇನ್ನೂರು ಪದ ದಾಟಲಿಲ್ಲ. ಸಿವಿ ಮತ್ತು ಅಂಕಪಟ್ಟಿಯನ್ನು ಒಂದೇ ಪಿಡಿಎಫ್ ಮಾಡಿದೆ. ಸಿಜಿಪಿಎ ಪಕ್ಕದಲ್ಲಿ "10ಕ್ಕೆ, 10 ಅತಿ ಹೆಚ್ಚು" ಎಂದು ಬರೆದೆ. ಜರ್ಮನಿಯಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಕಷ್ಟಪಟ್ಟು ಪಾಸು. ಬರೀ 8.4 ಎಂದು ಬರೆದರೆ ಓದುವವರಿಗೆ ತಲೆಬುಡ ತಿಳಿಯುವುದಿಲ್ಲ.

ಉತ್ತರಗಳನ್ನು ಓದುವುದೂ ಒಂದು ಕೆಲಸ. ಒಬ್ಬರು "ಸ್ವಂತ ಸ್ಕಾಲರ್‌ಶಿಪ್ ತಂದರೆ ಸ್ವಾಗತ" ಎಂದರು. ಅಂದರೆ ಹಣವಿಲ್ಲ, ಆದರೆ ಮಾರ್ಗದರ್ಶನ ಕೊಡಲು ಒಪ್ಪಿಗೆ. ಇದನ್ನು ನಿರಾಕರಣೆ ಎಂದು ಬಿಡಬಾರದು. ವಿದೇಶಿ ವಿದ್ಯಾರ್ಥಿಗಳಿಗೆ ನೆರವು ಕೊಡುವ ಜರ್ಮನಿಯ ಡಿಎಎಡಿ ಸಂಸ್ಥೆಯ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲು ಅಂಥ ಒಪ್ಪಿಗೆ ಪತ್ರವೇ ಬೇಕು. "ನಮ್ಮ ಪೋರ್ಟಲ್ ನೋಡಿ" ಎಂದಷ್ಟೇ ಬಂದದ್ದನ್ನು ನಾನು ಹಿಂಬಾಲಿಸಲಿಲ್ಲ. ನದಿ ದಂಡೆಯ ಪ್ರೊಫೆಸರ್‌ರಿಂದ ಎರಡು ವಾರ ಉತ್ತರವಿಲ್ಲದಾಗ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಸೇರಿಸಿದೆ. ಬಿರುಕು ಬಂಡೆಯ ಪ್ರಶ್ನೆಗೆ ಅವರೇ ಮರುಪ್ರಶ್ನೆ ಕೇಳಿದರು: ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಅಳೆದಿದ್ದೀರಾ? ಅಳೆದಿದ್ದೆ, ಅಂಕಿಗಳನ್ನು ಕಳಿಸಿದೆ. ವೀಡಿಯೊ ಕರೆಯ ಕೊನೆಗೆ ಜಾಹೀರಾತು ಬಂದಾಗ ಅದರ ಸಂಖ್ಯೆ ಹಾಕಿ ಅರ್ಜಿ ಕಳಿಸಿ ಎಂದರು. ಹುದ್ದೆ ಸಿಗುವ ಖಾತ್ರಿ ಕೊಡಲಿಲ್ಲ, ಆಯ್ಕೆ ಎಲ್ಲರಿಗೂ ತೆರೆದದ್ದು ಎಂದು ನೇರವಾಗಿಯೇ ಹೇಳಿದರು.