ಬೀಟ್‌ರೂಟ್ ಕುಡಿದರೂ ಇಳಿಯದ ಬಿಪಿ

ಭಾನುವಾರ ಬೆಳಗ್ಗೆ ಯಳ್ಳೂರು ದಾಟಿ ರಾಜಹಂಸಗಡದ ಏರು ಹತ್ತುವ ಬೆಳಗಾವಿಯ ಸೈಕಲ್‌ನವರಲ್ಲಿ ನಾನೂ ಒಬ್ಬ. ವಯಸ್ಸು 52. ಎರಡು ವರ್ಷದಿಂದ ಬಿಪಿಗೆ ದಿನಕ್ಕೊಂದು ಮಾತ್ರೆ ನಡೆದಿದೆ. ಬೀಟ್‌ರೂಟ್ ರಸ ಬಿಪಿಗೂ ದಮ್ಮಿಗೂ ಒಳ್ಳೆಯದು ಎಂದು ಓದಿ, ಡಾಕ್ಟರಿಗೆ ಹೇಳಿಯೇ ಶುರು ಮಾಡಿದೆ. "ಕುಡೀರಿ, ಆದ್ರ ಮಾತ್ರಿ ಮಾತ್ರ ಬಿಡಬ್ಯಾಡ್ರಿ" ಎಂದರು.

ಮೊದಲ ವಾರ ಏನೂ ಕುಡಿಯಲಿಲ್ಲ, ಬರೀ ಅಳತೆ. ಬೆಳಗ್ಗೆ ಮತ್ತು ಸಂಜೆ, ಐದು ನಿಮಿಷ ಸುಮ್ನೆ ಕುಳಿತು, ತೋಳಿಗೆ ಪಟ್ಟಿ ಕಟ್ಟಿ ಎರಡೆರಡು ಸಲ ನೋಡುತ್ತಿದ್ದೆ. ವಾರದ ಸರಾಸರಿ 144/90 ಬಂತು. ಒಂದೇ ಸಲ ನೋಡಿದ್ದನ್ನು ನಂಬಿಕೊಂಡು ಕೂರಬಾರದು, ಚಹಾ ಕುಡಿದರೂ ಏರುತ್ತದೆ.

ಆಮೇಲೆ ದಿನಾ ಬೆಳಗ್ಗೆ ಅರ್ಧ ಕಿಲೋ ಹಸಿ ಬೀಟ್‌ರೂಟ್ ಮಿಕ್ಸರ್‌ಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, ಒಂದು ದೊಡ್ಡ ಲೋಟ, ಅಂದರೆ ಸುಮಾರು 250 ಮಿಲಿ ಕುಡಿದೆ. ಈ ಅಳತೆ ನನ್ನದಲ್ಲ. 2015ರಲ್ಲಿ ಲಂಡನ್ನಿನಲ್ಲಿ ಬಿಪಿ ಇದ್ದವರಿಗೆ ನಾಲ್ಕು ವಾರ ಇಷ್ಟೇ ರಸ ಕೊಟ್ಟು ನೋಡಿದ್ದರು. ಮೇಲಿನ ಅಂಕಿ ಏಳೆಂಟು ಇಳಿದಿತ್ತು. ಅದರಲ್ಲಿ ನನಗೆ ಹಿಡಿಸಿದ ಮಾತು ಇನ್ನೊಂದಿದೆ. ಅರ್ಧ ಜನಕ್ಕೆ ಕೊಟ್ಟಿದ್ದು, ಬೀಟ್‌ರೂಟಿನಲ್ಲಿ ಸಹಜವಾಗಿಯೇ ಇರುವ ನೈಟ್ರೇಟ್ ಎಂಬ ಲವಣ ತೆಗೆದುಹಾಕಿದ ರಸ. ಅವರ ಬಿಪಿ ಇಳಿಯಲಿಲ್ಲ. ಅಂದರೆ ಕೆಲಸ ಮಾಡುವುದು ಕೆಂಪು ಬಣ್ಣ ಅಲ್ಲ, ನೈಟ್ರೇಟ್.

ನಾನು ತಪ್ಪಿದ್ದು ಇಲ್ಲೇ. ಮೂರನೇ ದಿನ ಮೂತ್ರ ಕೆಂಪಗೆ ಬಂತು. "ರಸ ಮೈಗೆ ಹತ್ತಿದೆ" ಎಂದು ಖುಷಿಪಟ್ಟೆ. ಆದರೆ ಆ ಕೆಂಪು ಬರೀ ಬಣ್ಣ, ನೈಟ್ರೇಟಿಗೆ ಬಣ್ಣವೇ ಇಲ್ಲ. ಎರಡು ವಾರ ಕಳೆದ ಮೇಲೆ ಸರಾಸರಿ ತೆಗೆದರೆ 143/90. ಏರಿನಲ್ಲೂ ಅದೇ ಏದುಸಿರು.

ನರ್ಸಿಂಗ್ ಓದುವ ಅಣ್ಣನ ಮಗಳು ಮನೆಗೆ ಬಂದಾಗ ಬಚ್ಚಲಲ್ಲಿದ್ದ ಬಾಟಲಿ ನೋಡಿ ಕೇಳಿದಳು: "ಕಾಕಾ, ಇದನ್ನ ಇನ್ನೂ ಬಳಸ್ತೀರೇನ?" ಒಸಡು ಬಾತಾಗ ಎರಡು ವಾರಕ್ಕೆಂದು ಬರೆದುಕೊಟ್ಟಿದ್ದ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅದು. ಬಾಯಿ ಹಗುರ ಅನ್ನಿಸುತ್ತಿತ್ತು, ನಾಲ್ಕು ತಿಂಗಳಿಂದ ಬಿಟ್ಟಿರಲಿಲ್ಲ.

ವಿಷಯ ಹೀಗಿದೆ. ನುಂಗಿದ ನೈಟ್ರೇಟ್ ರಕ್ತ ಸೇರುತ್ತದೆ. ಅದರಲ್ಲಿ ಸುಮಾರು ಕಾಲು ಭಾಗ ಎಂಜಲಿನಲ್ಲಿ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಹಿಂಭಾಗದಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಈ ಕೆಲಸ ನಮ್ಮ ದೇಹಕ್ಕೆ ಅಷ್ಟಾಗಿ ಬರುವುದಿಲ್ಲ. ಎಂಜಲು ನುಂಗಿದಾಗ ಒಳಹೋದ ನೈಟ್ರೈಟ್, ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ. ನಾನು ದಿನಕ್ಕೆರಡು ಸಲ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತಿದ್ದೆ.

ಹಲ್ಲಿನ ಡಾಕ್ಟರನ್ನು ಕೇಳಿದೆ. ಒಸಡು ಪೂರ್ತಿ ವಾಸಿಯಾಗಿದೆ, ನಿಲ್ಲಿಸಬಹುದು ಎಂದರು. ಪೇಸ್ಟು, ಬ್ರಷ್ ಮಾತ್ರ ಉಳಿಯಿತು. ರಸ ಅದೇ, ಮಾತ್ರೆ ಅದೇ. ಮೂರನೇ ವಾರದ ಸರಾಸರಿ 137/86. ಏರಿಗೆ ಹೋಗುವ ದಿನ ಎರಡೂವರೆ ತಾಸು ಮೊದಲೇ ಕುಡಿಯತೊಡಗಿದೆ, ಏಕೆಂದರೆ ರಕ್ತದಲ್ಲಿ ನೈಟ್ರೈಟ್ ಹೆಚ್ಚುವುದು ಕುಡಿದು ಎರಡು ಮೂರು ತಾಸಿಗೆ. ಅದೇ ಗೇರಿನಲ್ಲಿ ಮಾತಾಡುತ್ತ ಹತ್ತುವಷ್ಟು ಉಸಿರು ಉಳಿಯುತ್ತಿತ್ತು. ಅಷ್ಟೇ ಕೆಲಸಕ್ಕೆ ಸ್ನಾಯುಗಳು ಬಳಸುವ ಆಮ್ಲಜನಕ ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೇ. ನಮ್ಮಂಥ ಸಾಮಾನ್ಯರಿಗೆ ಕಾಣುವಷ್ಟು ಇದು ಪಳಗಿದ ಓಟಗಾರರಲ್ಲಿ ಕಾಣುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಎರಡು ವಾರ ರಸ ಬಿಟ್ಟೆ. ಬಿಪಿ 142ಕ್ಕೆ ವಾಪಸ್ ಬಂತು. ಲಂಡನ್ನಿನವರಿಗೂ ನಿಲ್ಲಿಸಿದ ಮೇಲೆ ಹೀಗೇ ಆಗಿತ್ತು. ಇದು ಕುಡಿದಷ್ಟು ದಿನದ್ದೇ ಲಾಭ.

ದಿನಾ ರಸ ಹಿಂಡುವುದು ಬೇಸರ, ಅಲ್ವಾ? ಈಗ ವಾರಕ್ಕೆ ನಾಲ್ಕು ದಿನ ರಸ, ಉಳಿದ ದಿನ ತಪ್ಪಲು. ರೊಟ್ಟಿ ಜೊತೆ ಹಸಿ ಮೆಂತ್ಯ, ಮೂಲಂಗಿ ಎಲೆಯ ಪಚಡಿ, ಇಲ್ಲಾ ರಾಜಗಿರಿ ಪಲ್ಲೆ. ಮೊದಲು ಮನೆಯಲ್ಲಿ ಸೊಪ್ಪು ಕುದಿಸಿ ನೀರು ಬಸಿದು ಚೆಲ್ಲುತ್ತಿದ್ದರು. ನೈಟ್ರೇಟ್ ನೀರಿಗಿಳಿಯುವುದರಿಂದ ಆ ನೀರಿನ ಜೊತೆ ಅದೂ ಹೋಗುತ್ತದೆ. ಈಗ ಬಸಿದ ನೀರು ಸಾರಿಗೆ ಹಾಕುತ್ತೇವೆ. ಬೇಯಿಸಿದ ಪಲ್ಲೆ, ಹಿಂಡಿದ ರಸ ಹೊರಗೆ ಇಟ್ಟು ಮರುದಿನ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಏಕೆಂದರೆ ಹೊರಗಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಅದರಲ್ಲೇ ನೈಟ್ರೈಟ್ ಅತಿಯಾಗಬಹುದು. ಕೂಸುಗಳಿಗಂತೂ ಅಂಥದ್ದು ಬೇಡವೇ ಬೇಡ.

ಒಬ್ಬ ಗೆಳೆಯನಿಗೆ ಮಾತ್ರ ನಾನೇ ಬೇಡ ಎಂದೆ. ಅವನಿಗೆ ಎರಡು ಸಲ ಕಿಡ್ನಿಯಲ್ಲಿ ಹರಳಾಗಿತ್ತು. ಬೀಟ್‌ರೂಟ್, ಪಾಲಕ್ ಎರಡರಲ್ಲೂ ಹರಳು ಕಟ್ಟುವ ಆಕ್ಸಲೇಟ್ ಜಾಸ್ತಿ.

ಸಂತೆಯಲ್ಲಿ ಬೀಟ್‌ರೂಟ್ ಎಲೆ ಕಿತ್ತು ಬಿಸಾಡುತ್ತಾರೆ. ಅದರಲ್ಲೂ ನೈಟ್ರೇಟ್ ಚೆನ್ನಾಗಿದೆ. "ಎಲಿ ಹಂಗ ಇರಲಿ ಅವ್ವಾ" ಎಂದು ಹೇಳಿ ಎಲೆ ಸಮೇತ ತರುತ್ತೇನೆ. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬಾಡಿಸಿದರೆ ಮಕ್ಕಳೂ ತಿನ್ನುತ್ತಾರೆ.